ಪರಾಭವ ಸಂವತ್ಸರದ ಒಂದು ಮದುವೆ: ದಿನಾಂಕ ಸಿಕ್ಕ ಬಗೆ

2026ರಲ್ಲಿ ಮದುವೆ ದಿನ ಹುಡುಕಿದವರಿಗೆಲ್ಲ ಮೊದಲು ಎದುರಾಗಿದ್ದು ಅಧಿಕ ಮಾಸ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯೊಳಗೆ ಸೂರ್ಯ ರಾಶಿ ಬದಲಿಸದಿದ್ದರೆ ಆ ತಿಂಗಳು ಅಧಿಕವಾಗುತ್ತದೆ. ಈ ಸಲ ವೃಷಭ ಸಂಕ್ರಮಣ ಮೇ 15ಕ್ಕೆ, ಅಂದರೆ ಅಮಾವಾಸ್ಯೆಗೂ ಮೊದಲೇ ಆಗಿಬಿಡುತ್ತದೆ. ಮಿಥುನ ಸಂಕ್ರಮಣ ಜೂನ್ 15ರ ಮಧ್ಯಾಹ್ನ, ಅಂದರೆ ಮುಂದಿನ ಅಮಾವಾಸ್ಯೆ ಮುಗಿದ ಮೇಲೆ. ನಡುವೆ ಸಂಕ್ರಮಣವೇ ಇಲ್ಲ. ಅಧಿಕ ಮಾಸದಲ್ಲಿ ದಾನ, ಜಪ, ಪಾರಾಯಣ ಮಾಡಬಹುದು, ಮದುವೆ ಮಾಡುವಂತಿಲ್ಲ. ಬೇಸಿಗೆ ರಜೆಯ ಮದುವೆ ಸೀಸನ್ನಿನ ಅರ್ಧ ಹೀಗೆ ಹೋಯಿತು.

ನಮ್ಮ ಅಣ್ಣನ ಮಗಳ ಮದುವೆಗೆ ದಿನ ಹುಡುಕಿದ್ದು ಇದೇ ವರ್ಷ. ಹೆಣ್ಣಿನ ಮನೆ ಶಿವಮೊಗ್ಗ, ಗಂಡಿನ ಮನೆ ದಾವಣಗೆರೆ, ಎರಡೂ ಕಡೆಯ ಅರ್ಧಕ್ಕರ್ಧ ನೆಂಟರು ಬೆಂಗಳೂರು. ಮಾತುಕತೆ ಮುಗಿದು ದಿನ ನೋಡೋಣ ಅಂತ ಕೂತಾಗ ಸಂಕ್ರಾಂತಿ ಕಳೆದಿತ್ತು. ಹುಡುಗ ಜುಲೈನಲ್ಲಿ ಕಂಪನಿ ಕೆಲಸದ ಮೇಲೆ ಜರ್ಮನಿಗೆ ಹೋಗಬೇಕು. ಮದುವೆ ನೋಂದಣಿ ಆಗಿ, ಆ ಪ್ರಮಾಣಪತ್ರ ಇಟ್ಟುಕೊಂಡು ಹುಡುಗಿಯ ವೀಸಾಕ್ಕೆ ಹಾಕಬೇಕು. ಹಾಗಾಗಿ ಶ್ರಾವಣದವರೆಗೆ ಕಾಯೋಣ ಅನ್ನುವ ಮಾತು ಮೊದಲೇ ಬಿದ್ದುಹೋಯಿತು.

ಇಂಥ ಕೆಲಸದಲ್ಲಿ ಎಲ್ಲರೂ ಮೊದಲು ಪುರೋಹಿತರ ಹತ್ತಿರ ಹೋಗಿ "ಒಂದು ಒಳ್ಳೆ ದಿನ ಕೊಡಿ" ಅಂತ ಕೇಳುತ್ತಾರೆ. ಅವರು ಒಂದೋ ಎರಡೋ ದಿನ ಬರೆದು ಕೊಡುತ್ತಾರೆ. ಮನೆಗೆ ಬಂದು ನೋಡಿದರೆ ಒಂದರ ಮೇಲೆ ಪರೀಕ್ಷೆ, ಇನ್ನೊಂದಕ್ಕೆ ಛತ್ರ ಇಲ್ಲ. ಮತ್ತೆ ಪುರೋಹಿತರ ಮನೆ, ಮತ್ತೆ ಎರಡು ದಿನ. ಈ ಓಡಾಟದ ನಡುವೆ ಛತ್ರಗಳು ಒಂದೊಂದಾಗಿ ಕೈಬಿಟ್ಟು ಹೋಗುತ್ತವೆ. ನಾವು ಕ್ರಮವನ್ನು ತಿರುಗಿಸಿದೆವು. ಯಾವ ತಿಂಗಳು ಆಗುವುದೇ ಇಲ್ಲ ಅನ್ನುವುದನ್ನು ಮೊದಲು ತೆಗೆದೆವು. ಆಮೇಲೆ ಯಾರಿಲ್ಲದೆ ಮದುವೆ ನಡೆಯುವುದಿಲ್ಲವೋ ಅವರ ದಿನಗಳನ್ನು ಗುರುತು ಹಾಕಿದೆವು. ಉಳಿದ ಅವಧಿಯನ್ನು ಜೋಯಿಸರ ಮುಂದಿಟ್ಟು, "ಇದರೊಳಗೆ ಆಗುವ ದಿನ ಎಲ್ಲ ಕೊಡಿ, ಆಗದಿರುವುದು ಯಾಕೆ ಆಗಲ್ಲ ಅನ್ನೋದನ್ನೂ ಹೇಳಿ" ಅಂತ ಕೇಳಿದೆವು. ಕಾರಣ ಗೊತ್ತಿದ್ದರೆ ಆಮೇಲೆ ನೆಂಟರೊಬ್ಬರು ಬೇರೆ ದಿನ ಹಿಡಿದುಕೊಂಡು ಬಂದಾಗ ಉತ್ತರ ಕೈಯಲ್ಲೇ ಇರುತ್ತದೆ.

ತಿಂಗಳುಗಳನ್ನು ತೆಗೆಯುವುದು ಸಲೀಸಾಗಿ ಆಯಿತು. ಜನವರಿ ಪೂರ್ತಿ ಶುಕ್ರ ಮೌಢ್ಯ, ಅಂದರೆ ಶುಕ್ರ ಸೂರ್ಯನಿಗೆ ಹತ್ತಿರವಾಗಿ ಕಣ್ಣಿಗೆ ಕಾಣದ ಕಾಲ. ಆಗ ಮದುವೆ ಇಡುವುದಿಲ್ಲ. ಫೆಬ್ರವರಿಯಲ್ಲಿ ಮುಹೂರ್ತ ಇದ್ದವು. ಆದರೆ ಹುಡುಗಿಯ ತಮ್ಮ ದ್ವಿತೀಯ ಪಿಯುಸಿ. ಅವನ ಮೊದಲ ಪರೀಕ್ಷೆ ಫೆಬ್ರವರಿ 28ರಿಂದ ಮಾರ್ಚ್ 17ರವರೆಗೆ. ಮಾರ್ಚ್ 19 ಯುಗಾದಿ. ಅಲ್ಲಿಂದ ಏಪ್ರಿಲ್ 17ರವರೆಗೆ ಚೈತ್ರ. ನಮ್ಮ ಜೋಯಿಸರು ಚೈತ್ರದಲ್ಲಿ ಮದುವೆ ಇಡುವುದಿಲ್ಲ. ಬೇರೆ ಕಡೆ ಇಡುತ್ತಾರೆ, ಇದು ಮನೆತನದ ಪದ್ಧತಿಯ ಮಾತು. ಇನ್ನು ಜೂನ್ 16ರ ನಂತರದ ನಿಜ ಜ್ಯೇಷ್ಠ. ಹುಡುಗ ಮನೆಗೆ ದೊಡ್ಡ ಮಗ, ಹುಡುಗಿ ದೊಡ್ಡ ಮಗಳು. ಜ್ಯೇಷ್ಠ ಮಗನಿಗೂ ಜ್ಯೇಷ್ಠ ಮಗಳಿಗೂ ಜ್ಯೇಷ್ಠ ಮಾಸದಲ್ಲಿ ಮದುವೆ ಕೂಡದು ಅನ್ನುವುದು ಎರಡೂ ಮನೆಯಲ್ಲಿ ಗಟ್ಟಿಯಾಗಿ ನಡೆದುಬಂದಿದೆ. ಜುಲೈ ಮಧ್ಯದಿಂದ ಆಷಾಢ. ಹೀಗೆ ಉಳಿದದ್ದು ವೈಶಾಖ ಒಂದೇ, ಏಪ್ರಿಲ್ 18ರಿಂದ ಮೇ 16.

ಒಂದು ತಿಂಗಳು ಅಂದರೆ ಸಾಕಷ್ಟು ಅನ್ನಿಸುತ್ತದೆ, ಅಲ್ವಾ? ಆದರೆ ಇಡೀ ರಾಜ್ಯದ ಬೇಸಿಗೆ ಮದುವೆಗಳೆಲ್ಲ ಅದೇ ತಿಂಗಳೊಳಗೆ ನುಗ್ಗಿದ್ದವು. ಅಡುಗೆ ಭಟ್ಟರು, ಓಲಗದವರು, ಛತ್ರ ಎಲ್ಲದಕ್ಕೂ ಅದೇ ನೂಕುನುಗ್ಗಲು.

ಈ ಪ್ರಕರಣದ ಗಂಟು ಇದ್ದದ್ದು ಹುಡುಗಿಯ ತಮ್ಮನಲ್ಲಿ. ಅವನಿಗೆ ಸಿಇಟಿ ಏಪ್ರಿಲ್ 23 ಮತ್ತು 24ಕ್ಕೆ. ಅವನು ಮೆಡಿಕಲ್‌ಗೆ ಓದುತ್ತಿರುವವನು, ಹಾಗಾಗಿ ನಿಜವಾದ ಪರೀಕ್ಷೆ ನೀಟ್. ನಾವು ಕೂತಾಗ ನೀಟ್ ದಿನಾಂಕ ಇನ್ನೂ ಪ್ರಕಟವಾಗಿರಲಿಲ್ಲ. ಆದರೆ ಹಿಂದಿನ ವರ್ಷಗಳನ್ನು ನೋಡಿದರೆ ಜಾಡು ಸಿಗುತ್ತದೆ. 2023ರಲ್ಲಿ ಮೇ 7, 2024ರಲ್ಲಿ ಮೇ 5, 2025ರಲ್ಲಿ ಮೇ 4. ಮೂರೂ ಮೇ ತಿಂಗಳ ಮೊದಲ ಭಾನುವಾರ. ಹಾಗಾಗಿ 2026ಕ್ಕೆ ಮೇ 3 ಅಂತ ಪೆನ್ಸಿಲ್‌ನಲ್ಲಿ ಬರೆದುಕೊಂಡೆವು. ಆಮೇಲೆ ಅಧಿಸೂಚನೆಯಲ್ಲಿ ಬಂದದ್ದೂ ಅದೇ ದಿನ. ಪ್ರಕಟವಾಗದ ಪರೀಕ್ಷೆಯನ್ನು "ಇನ್ನೂ ಗೊತ್ತಿಲ್ಲ" ಅಂತ ಖಾಲಿ ಬಿಡುವುದು ಅಪಾಯ. ಎಷ್ಟೋ ಮನೆಗಳಲ್ಲಿ ಮುಹೂರ್ತ ಇಟ್ಟು, ಪತ್ರಿಕೆ ಅಚ್ಚು ಹಾಕಿಸಿದ ಮೇಲೆ ಪರೀಕ್ಷೆ ಬಂದು ಕೂರುತ್ತದೆ.

ಮೇ 3 ಅನ್ನುವುದು ಎಂಥ ದಿನ ಅನ್ನುವುದನ್ನು ಹೇಳಲೇಬೇಕು. ಭಾನುವಾರ. ಅನುರಾಧಾ ನಕ್ಷತ್ರ, ಮದುವೆಗೆ ಹೇಳಿ ಮಾಡಿಸಿದ್ದು. ಕೃಷ್ಣಪಕ್ಷದ ಬಿದಿಗೆ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಮಿಥುನ ಲಗ್ನ, ಲಗ್ನದಲ್ಲೇ ಗುರು. ಭಾನುವಾರದ ರಾಹುಕಾಲ ಸಂಜೆ, ಅದರ ತಕರಾರೇ ಇಲ್ಲ. ಶುಕ್ರವಾರ ಕಾರ್ಮಿಕರ ದಿನದ ರಜೆ, ಹಾಗಾಗಿ ಮೂರು ದಿನ ಬಿಡುವು. ಬೀಗರು ಫೋನ್ ಮಾಡಿ, "ಇದಕ್ಕಿಂತ ಒಳ್ಳೆ ದಿನ ಬೇಕಾ ಸಾರ್?" ಅಂದರು. ಪಂಚಾಂಗ ನೋಡಿದರೆ ಅವರು ಹೇಳಿದ್ದು ಸರಿಯೇ.

ನಮ್ಮ ಕಡೆಯವರೇ ಒಬ್ಬರು ಲೆಕ್ಕ ಹಾಕಿದರು. ನೀಟ್ ಇರುವುದು ಮಧ್ಯಾಹ್ನ 2ರಿಂದ 5. ಗೇಟು ಹಾಕುವುದು ಒಂದೂವರೆಗೆ. ಮುಹೂರ್ತ ಒಂಬತ್ತಕ್ಕೆ. "ಧಾರೆ ಮುಗಿಸಿ, ಊಟ ಮಾಡಿ, ಹೋಗಿ ಬರೆದು ಬರಲಿ ಬಿಡಿ." ಗಡಿಯಾರದ ಲೆಕ್ಕದಲ್ಲಿ ಇದು ಕೂಡುತ್ತದೆ. ಮನೆಯ ಲೆಕ್ಕದಲ್ಲಿ ಕೂಡುವುದಿಲ್ಲ. ಪರೀಕ್ಷಾ ಕೇಂದ್ರ ಶಿವಮೊಗ್ಗದಲ್ಲೇ ಸಿಗುತ್ತದೆ ಅನ್ನುವ ಖಾತರಿ ಇಲ್ಲ, ಊರು ಯಾವುದು ಅನ್ನುವುದು ತಿಳಿಯುವುದೇ ಪರೀಕ್ಷೆ ಹತ್ತಿರ ಬಂದಾಗ. ಎರಡನೆಯದು, ಲಾಜಾಹೋಮದಲ್ಲಿ ಹುಡುಗಿಯ ಬೊಗಸೆಗೆ ಅರಳು ಹಾಕುವವನು ಅವಳ ತಮ್ಮ. ಅದು ಮಾಂಗಲ್ಯಧಾರಣೆಯ ನಂತರ ಬರುವುದು. ಅವನು ಹೊರಗೆ ಕಾರು ಕಾಯುತ್ತಿದೆ ಅಂತ ನೋಡುತ್ತಾ ಅರಳು ಹಾಕಬೇಕೇ? ಎರಡು ವರ್ಷ ಓದಿದ ಹುಡುಗ, ಹಿಂದಿನ ರಾತ್ರಿ ಆರತಕ್ಷತೆ ಗಲಾಟೆಯಲ್ಲಿ ಹನ್ನೆರಡಕ್ಕೆ ಮಲಗಿ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋಗಿ ಬರೆಯಬೇಕೇ? ಅತ್ತಿಗೆ ಒಂದೇ ಮಾತಿನಲ್ಲಿ ಮುಗಿಸಿದರು: "ನನಗೆ ಇಬ್ಬರೂ ಮಕ್ಕಳೇ."

ಇಲ್ಲಿ ಬಹಳ ಮಂದಿ ಮರೆಯುವ ವಿಷಯ ಒಂದಿದೆ. ಪರೀಕ್ಷೆ ಅಂದರೆ ಬರೆಯುವ ದಿನ ಮಾತ್ರ ಅಲ್ಲ, ಅದರ ಹಿಂದಿನ ವಾರವೂ ಸೇರಿದ್ದು. ಮದುವೆಯೂ ಹಾಗೆ, ಧಾರೆಯ ದಿನ ಮಾತ್ರ ಅಲ್ಲ. ನಾಲ್ಕೈದು ದಿನ ಮುಂಚೆ ಚಪ್ಪರ, ದೇವರ ಸಮಾರಾಧನೆ, ನಾಂದಿ, ಅರಿಶಿನ ಶಾಸ್ತ್ರ. ಮನೆಯಲ್ಲಿ ಹತ್ತು ಜನ ನೆಂಟರು ಬಂದು ಉಳಿದಿರುತ್ತಾರೆ. ಈ ಎರಡು ಬಾಲಗಳೂ ಒಂದರ ಮೇಲೊಂದು ಬೀಳಬಾರದು. ಈ ಕಣ್ಣಿನಿಂದ ನೋಡಿದಾಗ ಏಪ್ರಿಲ್ 26ರ ಭಾನುವಾರವೂ ಹೋಯಿತು. ಅಂದು ಮಘಾ ನಕ್ಷತ್ರ, ದಶಮಿ, ಇಬ್ಬರಿಗೂ ತಾರಾಬಲ ಇತ್ತು. ಸಿಇಟಿ ಮುಗಿದ ಎರಡನೇ ದಿನ ಅನ್ನುವುದು ಮೇಲ್ನೋಟಕ್ಕೆ ಸರಿಯೇ. ಆದರೆ ಚಪ್ಪರ ಏಳುವುದು ಸಿಇಟಿ ದಿನಗಳಲ್ಲೇ. ಮದುವೆ ಮುಗಿದು ಮನೆ ತಣ್ಣಗಾಗುವ ಹೊತ್ತಿಗೆ ನೀಟ್‌ಗೆ ಉಳಿಯುವುದು ಮೂರ್ನಾಲ್ಕು ದಿನ.

ಏಪ್ರಿಲ್ 20ರ ಮಾತೂ ಬಂದಿತ್ತು. ಅಕ್ಷಯ ತೃತೀಯ, ಬಸವ ಜಯಂತಿಯ ರಜೆ, ಸೋಮವಾರ. ಅಣ್ಣನಿಗೆ ಅದರ ಮೇಲೆ ಮನಸ್ಸಿತ್ತು, ಅಕ್ಷಯ ತೃತೀಯಕ್ಕೆ ಪಂಚಾಂಗ ನೋಡಬೇಕಾಗಿಲ್ಲ ಅನ್ನುವ ನಂಬಿಕೆ ಇದೆಯಲ್ಲ. ಆದರೆ ಆ ಸಲ ಕೆಲವು ಕ್ಯಾಲೆಂಡರುಗಳು ಅಕ್ಷಯ ತೃತೀಯವನ್ನು 19ಕ್ಕೇ ಹಾಕಿದ್ದವು. ಕಾರಣ ಸರಳ. ತದಿಗೆ ತಿಥಿ 19ರ ಬೆಳಿಗ್ಗೆ ಹತ್ತೂಮುಕ್ಕಾಲರ ಸುಮಾರಿಗೆ ಶುರುವಾಗಿ 20ರ ಬೆಳಿಗ್ಗೆ ಏಳೂವರೆಗೆ ಮುಗಿಯುತ್ತದೆ. ಸೂರ್ಯೋದಯಕ್ಕೆ ಇರುವ ತಿಥಿ ಹಿಡಿದರೆ 20, ಪೂರ್ವಾಹ್ನದ ವ್ಯಾಪ್ತಿ ಹಿಡಿದರೆ 19. ರಜೆ ಪಟ್ಟಿ ನೋಡಿ ಮುಹೂರ್ತ ಇಟ್ಟರೆ, ಧಾರೆಯ ಹೊತ್ತಿಗೆ ತದಿಗೆ ಕಳೆದು ಚೌತಿ ಬಂದಿರುತ್ತದೆ. ಹಬ್ಬದ ಹೆಸರು ನಂಬಿ ದಿನ ಹಿಡಿಯುವವರು ತಿಥಿ ಎಷ್ಟು ಗಂಟೆವರೆಗೆ ಅನ್ನುವುದನ್ನು ಒಮ್ಮೆ ಕೇಳಲೇಬೇಕು. ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ, ಮೂರು ದಿನಕ್ಕೆ ಸಿಇಟಿ ಇತ್ತು.

ಹೀಗೆ ಮೇ 3ರವರೆಗಿನದೆಲ್ಲ ಹೋಗಿ, 4ರಿಂದ 16ರ ನಡುವೆ ಹುಡುಕಬೇಕಾಯಿತು. ಈ ಹಂತದಲ್ಲಿ ಜೋಯಿಸರ ಕೆಲಸ ಶುರು. ಹುಡುಗಿಯದು ಧನಿಷ್ಠಾ, ಮಕರ ರಾಶಿ. ಹುಡುಗನದು ರೇವತಿ. ತಾರಾಬಲದ ಲೆಕ್ಕ ಯಾರು ಬೇಕಾದರೂ ಹಾಕಬಹುದು. ಜನ್ಮ ನಕ್ಷತ್ರದಿಂದ ಆ ದಿನದ ನಕ್ಷತ್ರದವರೆಗೆ, ಎರಡನ್ನೂ ಸೇರಿಸಿ ಎಣಿಸಬೇಕು. ಬಂದ ಸಂಖ್ಯೆಯನ್ನು ಒಂಬತ್ತರಿಂದ ಭಾಗಿಸಿ ಶೇಷ ನೋಡಬೇಕು. 1 ಜನ್ಮ, 3 ವಿಪತ್, 5 ಪ್ರತ್ಯಕ್, 7 ನೈಧನ, ಇವು ಬೇಡ. 2, 4, 6, 8 ಮತ್ತು ಶೇಷ ಉಳಿಯದ 9 ಆಗುತ್ತವೆ. ಇಬ್ಬರಿಗೂ ಕೂಡಿ ಬರಬೇಕು, ತೊಡಕು ಇರುವುದು ಅಲ್ಲೇ.

ಶನಿವಾರ ಮೇ 9 ಎಲ್ಲರಿಗೂ ಇಷ್ಟವಾಗಿತ್ತು, ಎರಡನೇ ಶನಿವಾರದ ರಜೆ. ಅಂದು ಶ್ರವಣ. ಹುಡುಗಿಗೆ ಧನಿಷ್ಠಾದಿಂದ ಎಣಿಸಿದರೆ 27, ಶೇಷ ಇಲ್ಲ, ಪರಮಮಿತ್ರ. ಹುಡುಗನಿಗೆ ರೇವತಿಯಿಂದ ಎಣಿಸಿದರೆ 23, ಶೇಷ 5, ಪ್ರತ್ಯಕ್. ಹೋಯಿತು. ಭಾನುವಾರ 10ಕ್ಕೆ ಧನಿಷ್ಠಾ, ಅದು ಹುಡುಗಿಯದೇ ಜನ್ಮ ನಕ್ಷತ್ರ, ಜೊತೆಗೆ ಅಷ್ಟಮಿ. ಗುರುವಾರ 14ಕ್ಕೆ ರೇವತಿ, ಅದು ಹುಡುಗನ ಜನ್ಮ ನಕ್ಷತ್ರ. ಬುಧವಾರ 13ಕ್ಕೆ ಉತ್ತರಾಭಾದ್ರ, ಇಬ್ಬರಿಗೂ ಚೆನ್ನಾಗಿದೆ. ಆದರೆ ಅಂದು ಏಕಾದಶಿ. ಮುಹೂರ್ತದ ದೃಷ್ಟಿಯಿಂದ ಏಕಾದಶಿಗೆ ಅಡ್ಡಿ ಇಲ್ಲ ಅನ್ನುವವರಿದ್ದಾರೆ. ಊಟಕ್ಕೆ ಅಡ್ಡಿ ಇದೆ. ಎರಡೂ ಕಡೆಯ ಹಿರಿಯರು ಉಪವಾಸ ಮಾಡುವವರು, ಅವರನ್ನು ಎಲೆಯ ಮುಂದೆ ಕೂರಿಸದೆ ಮದುವೆ ಹೇಗೆ ಮಾಡುವುದು? ಉಳಿದ ದಿನಗಳಲ್ಲಿ ಒಂದಕ್ಕೆ ನಕ್ಷತ್ರ ಇಲ್ಲ, ಇನ್ನೊಂದಕ್ಕೆ ನವಮಿ, ಕೊನೆಗೆ ಅಮಾವಾಸ್ಯೆ.

ಹೀಗೆ ಸಿಕ್ಕಿದ್ದು ಶುಕ್ರವಾರ ಮೇ 8. ಉತ್ತರಾಷಾಢ. ಹುಡುಗಿಗೆ ಎಣಿಸಿದರೆ 26, ಶೇಷ 8, ಮಿತ್ರ. ಹುಡುಗನಿಗೆ 22, ಶೇಷ 4, ಕ್ಷೇಮ. ಬೆಳಿಗ್ಗೆ ಷಷ್ಠಿ ತಿಥಿ. ನೀಟ್ ಮುಗಿದು ಐದನೇ ದಿನ. ಚಪ್ಪರ ಸೋಮವಾರ ಹಾಕಬಹುದು, ಹುಡುಗಿಯ ತಮ್ಮ ಒಂದು ದಿನ ಚೆನ್ನಾಗಿ ನಿದ್ದೆ ಮಾಡಿ ಎದ್ದು ಬಂದು ಮಾವಿನ ತೋರಣ ಕಟ್ಟಬಹುದು. ಮೇ 10ರ ಭಾನುವಾರ ದಾವಣಗೆರೆಯಲ್ಲಿ ಬೀಗರ ಔತಣ.

ಇನ್ನು ಲಗ್ನ. ಎಲ್ಲರಿಗೂ ಒಂಬತ್ತೂವರೆ, ಹತ್ತರ ಮುಹೂರ್ತ ಬೇಕು, ದೂರದವರು ಬರಲು ಅನುಕೂಲ. ಮಿಥುನ ಲಗ್ನ ಆ ಹೊತ್ತಿಗೆ ಬರುತ್ತದೆ, ಗುರುವೂ ಅಲ್ಲೇ ಇದ್ದಾನೆ. ಮೇ 3ಕ್ಕೆ ಚೆನ್ನಾಗಿದ್ದ ಲಗ್ನ 8ಕ್ಕೆ ಯಾಕೆ ಬೇಡ ಅಂತ ನಾನೇ ಕೇಳಿದೆ. ಜೋಯಿಸರು ಕುಂಡಲಿ ಬರೆದು ತೋರಿಸಿದರು. ಅಂದು ಚಂದ್ರ ಮಕರದಲ್ಲಿ. ಮಿಥುನದಿಂದ ಎಣಿಸಿದರೆ ಎಂಟನೇ ಮನೆ, ಅಷ್ಟಮ ಚಂದ್ರ. ಆಮೇಲೆ ಬರುವ ಕರ್ಕಾಟಕಕ್ಕೆ ಚಂದ್ರ ಏಳನೇ ಮನೆಗೆ ಬೀಳುತ್ತಾನೆ. ಮದುವೆಗೆ ಏಳನೇ ಮನೆ ಖಾಲಿ ಇರಬೇಕು. ಸಿಂಹದಲ್ಲಿ ಕೇತು ಕೂತಿದ್ದಾನೆ. ಒಪ್ಪುವುದು ವೃಷಭ ಒಂದೇ. ಶುಕ್ರ ತನ್ನ ಸ್ವಂತ ಮನೆಯಲ್ಲಿ, ಲಗ್ನದಲ್ಲೇ ಇದ್ದಾನೆ, ಏಳನೇ ಮನೆಯೂ ಖಾಲಿ. ಆದರೆ ಅದು ಬರುವುದು ಬೆಳಿಗ್ಗೆ ಆರೂವರೆಯಿಂದ ಎಂಟೂವರೆಯೊಳಗೆ. ಆರೂ ಐವತ್ತರಿಂದ ಏಳೂ ಇಪ್ಪತ್ತೈದು ಅಂತ ಮುಹೂರ್ತ ಬರೆದರು.

ಈ ಒಂದು ಸಮಯ ಬೇರೆ ಎಲ್ಲವನ್ನೂ ಅಲುಗಾಡಿಸಿತು. ಬೆಳಗಿನ ಏಳಕ್ಕೆ ಧಾರೆ ಅಂದರೆ ಬೆಂಗಳೂರಿನವರು ಅಂದೇ ಹೊರಟು ಬರಲು ಆಗುವುದಿಲ್ಲ, ರಸ್ತೆಯಲ್ಲೇ ಐದಾರು ಗಂಟೆ ಬೇಕು. ಎಲ್ಲರೂ ಗುರುವಾರ ರಾತ್ರಿ ಶಿವಮೊಗ್ಗದಲ್ಲಿ ಉಳಿಯಬೇಕು. ಅಂದರೆ ರೂಮುಗಳು ಬೇಕು, ಬಸ್ಸು ರೈಲಿನಲ್ಲಿ ಜಾಗ ಬೇಕು. ದೀರ್ಘ ವಾರಾಂತ್ಯ ಯಾಕೆ ಬೇಡ ಅನ್ನುವುದಕ್ಕೆ ನಿಜವಾದ ಉತ್ತರ ಇಲ್ಲಿದೆ. ಮೂರು ದಿನ ರಜೆ ಬಂದರೆ ನೆಂಟರಿಗೆ ಅನುಕೂಲ ಅಂತ ಬೀಗರು ಅಂದುಕೊಂಡಿದ್ದರು. ಆದರೆ ಆ ರಜೆ ಇಡೀ ಬೆಂಗಳೂರಿಗೂ ಇರುತ್ತದೆ. ಮಲೆನಾಡಿನ ಕಡೆಗೆ ಬಸ್ಸುಗಳು ತುಂಬುತ್ತವೆ, ಖಾಸಗಿ ಬಸ್ಸಿನ ದರ ಏರುತ್ತದೆ, ಜೋಗದ ದಾರಿಯ ಶಿವಮೊಗ್ಗದಲ್ಲಿ ಲಾಡ್ಜು ಸಿಗುವುದಿಲ್ಲ. ಮೇ 8 ಸರ್ಕಾರಿ ರಜೆ ಅಲ್ಲ. ಶುಕ್ರವಾರ ಒಂದು ದಿನ ರಜೆ ಹಾಕಿದರೆ ಎರಡನೇ ಶನಿವಾರ, ಭಾನುವಾರ ಹೇಗೂ ಕೈಗೆ ಬರುತ್ತವೆ. ಗುರುವಾರ ಸಂಜೆ ಜನಸಂದಣಿ ಇರುವುದಿಲ್ಲ. ಮಕ್ಕಳಿಗೆ ಬೇಸಿಗೆ ರಜೆ. ಛತ್ರವೂ ಶುಕ್ರವಾರಕ್ಕೆ ಖಾಲಿ ಇತ್ತು. ಏಪ್ರಿಲ್ 26ಕ್ಕೂ ಮೇ 3ಕ್ಕೂ ಕೇಳಿದಾಗ ಅದೇ ಛತ್ರದವರು ತಲೆ ಆಡಿಸಿದ್ದರು. ರೈಲಿನ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ, ಹಾಗಾಗಿ ಮೇ 7ರ ಪ್ರಯಾಣಕ್ಕೆ ಮಾರ್ಚ್ 8 ಅಂತ ಎಲ್ಲರ ವಾಟ್ಸಾಪಿಗೂ ಮೊದಲೇ ಕಳಿಸಿದೆವು.

ಹುಡುಗನ ತಮ್ಮಂದಿರ ಪೈಕಿ ಒಬ್ಬರು ಮೊಬೈಲಿನಲ್ಲಿ ರಾಹುಕಾಲ ನೋಡಿ, ಶಾಸ್ತ್ರಗಳೆಲ್ಲ ಹತ್ತೂವರೆಯೊಳಗೆ ಮುಗಿಯಬೇಕು ಅಂತ ಗಾಬರಿಯಾದರು. ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು ಅನ್ನುವುದು ಆರಕ್ಕೆ ಸೂರ್ಯೋದಯ, ಆರಕ್ಕೆ ಸೂರ್ಯಾಸ್ತ ಅಂತ ಇಟ್ಟುಕೊಂಡ ಲೆಕ್ಕ. ಮೇ ತಿಂಗಳ ಶಿವಮೊಗ್ಗದಲ್ಲಿ ಹಗಲು ಇನ್ನೂ ಉದ್ದ. ಹಗಲನ್ನು ಎಂಟು ಪಾಲು ಮಾಡಿ ನಾಲ್ಕನೇ ಪಾಲು ತೆಗೆದರೆ ಹತ್ತೂ ಐವತ್ತರ ಆಸುಪಾಸಿಗೆ ಶುರುವಾಗುತ್ತದೆ. ಧಾರೆ ಏಳೂವರೆಗೇ ಮುಗಿಯುವುದರಿಂದ ಹೇಗಿದ್ದರೂ ತೊಂದರೆ ಇರಲಿಲ್ಲ. ಆದರೆ ಆ್ಯಪ್‌ನಲ್ಲಿ ಊರು ಯಾವುದು ಅಂತ ಇದೆ ಅನ್ನುವುದನ್ನು ನೋಡದೆ ಸ್ಕ್ರೀನ್‌ಶಾಟ್ ಕಳಿಸಿದರೆ ಸುಮ್ನೆ ಗೊಂದಲ. ಜೋಯಿಸರು ಊರಿಗೆ ಲೆಕ್ಕ ಹಾಕಿ ಬರೆದು ಕೊಟ್ಟ ಚೀಟಿಯೇ ಆಧಾರ, ಬೇರೆ ಯಾವುದನ್ನೂ ಗುಂಪಿಗೆ ಹಾಕಬಾರದು ಅಂತ ಎರಡೂ ಮನೆ ಒಪ್ಪಿಕೊಂಡವು.

ಮೇ 8 ಎಲ್ಲರಿಗೂ ಸರಿಹೋಗಲಿಲ್ಲ. ಹುಡುಗನ ಅಕ್ಕ ಪಿಯು ಕಾಲೇಜಿನಲ್ಲಿ ಉಪನ್ಯಾಸಕಿ. ದ್ವಿತೀಯ ಪಿಯುಸಿ ಎರಡನೇ ಪರೀಕ್ಷೆ ಏಪ್ರಿಲ್ 25ರಿಂದ ಮೇ 9ರವರೆಗೆ, ಅವರಿಗೆ ಕೊಠಡಿ ಮೇಲ್ವಿಚಾರಣೆ ಬೀಳಬಹುದು. ಸೋದರಿಯಿಲ್ಲದೆ ಹುಡುಗನ ಕಡೆ ಶಾಸ್ತ್ರ ನಡೆಯುವುದು ಹೇಗೆ? ಇಲ್ಲಿ ನಾವು ಹೋಲಿಸಿ ನೋಡಿದೆವು. ಪರೀಕ್ಷೆ ಬರೆಯುವವನ ಜಾಗಕ್ಕೆ ಬೇರೊಬ್ಬ ಬರೆಯಲು ಆಗುವುದಿಲ್ಲ. ಮೇಲ್ವಿಚಾರಣೆಗೆ ಬೇರೊಬ್ಬರು ಬರಬಹುದು, ಮೊದಲೇ ಹೇಳಿದ್ದರೆ. ಅವರು ಪ್ರಾಂಶುಪಾಲರಿಗೆ ಫೆಬ್ರವರಿಯಲ್ಲೇ ಪತ್ರ ಕೊಟ್ಟು, ಗುರುವಾರ ಮಧ್ಯಾಹ್ನದಿಂದ ಶನಿವಾರದವರೆಗೆ ಹೆಸರು ಬಿಡಿಸಿಕೊಂಡರು. ದಿನಾಂಕ ಹುಡುಕುವಾಗ ಪ್ರತಿ ಹೆಸರಿನ ಮುಂದೆ ಇದೊಂದು ಪ್ರಶ್ನೆ ಬರೆದುಕೊಳ್ಳುವುದು ಒಳ್ಳೆಯದು: ಇವರ ಅಡಚಣೆ ರಜೆ ಚೀಟಿಯಿಂದ ಬಗೆಹರಿಯುತ್ತದೆಯೋ ಇಲ್ಲವೋ.

ಕೊನೆಗೆ ಉಳಿದದ್ದು ಒಂದು ಆತಂಕ. ನೀಟ್ ಮುಂದಕ್ಕೆ ಹೋದರೆ? 2020 ಮತ್ತು 2021ರಲ್ಲಿ ಸೆಪ್ಟೆಂಬರಿಗೆ, 2022ರಲ್ಲಿ ಜುಲೈಗೆ ಹೋಗಿತ್ತು. ಅಷ್ಟು ದೂರ ಹೋದರೆ ಮದುವೆಗೆ ಏನೂ ಆಗುವುದಿಲ್ಲ. ಒಂದೇ ವಾರ ಜರುಗಿ ಮೇ 10ಕ್ಕೆ ಬಂದರೆ ಕಷ್ಟ. ನಮಗೆ ಬದಲಿ ದಿನ ಇರಲಿಲ್ಲ, 13 ಏಕಾದಶಿ, 14 ವರನ ನಕ್ಷತ್ರ, ಅದಾದ ಮೇಲೆ ಅಧಿಕ ಮಾಸ. ಲಗ್ನಪತ್ರಿಕೆ ಬರೆಸುವ ಮೊದಲು ಅಣ್ಣ ಅತ್ತಿಗೆ ಇದನ್ನು ಮಗನ ಎದುರಿಗೇ ಮಾತಾಡಿದರು. ಹಾಗಾದರೂ ಮದುವೆ ಮೇ 8ಕ್ಕೇ ನಡೆಯುತ್ತದೆ. ಅವನು ಚಪ್ಪರದ ದಿನದಿಂದ ಅವನ ಅತ್ತೆ ಮನೆಯಲ್ಲಿ ಇದ್ದುಕೊಂಡು ಓದುತ್ತಾನೆ, ಶುಕ್ರವಾರ ಬೆಳಿಗ್ಗೆ ಬಂದು ಅರಳು ಹಾಕಿ ವಾಪಸ್ ಹೋಗುತ್ತಾನೆ, ಬೀಗರ ಔತಣಕ್ಕೆ ಬರುವುದಿಲ್ಲ. ಬೀಗರಿಗೂ ಇದನ್ನು ತಿಳಿಸಿದ ಮೇಲೆಯೇ ಛತ್ರಕ್ಕೆ ಮುಂಗಡ ಕೊಟ್ಟದ್ದು.